ಅಮಾವಾಸ್ಯೆಯ ಎಣ್ಣೆ

ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಗಂಡಸರು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದು ಅಮಾವಾಸ್ಯೆ ದಿನ ಮಾತ್ರ. ಆ ದಿನ ಮಗ್ಗ ನಿಲ್ಲುತ್ತದೆ. ಮಿಕ್ಕ ದಿನ ಕಾಲು ಇಳಿಬಿಟ್ಟು ನೇಯಲು ಮಗ್ಗದ ಗುಂಡಿಗೆ ಇಳಿಯುವವನ ಮೈಮೇಲೆ ಎಣ್ಣೆಯ ಪಸೆ ಇರಕೂಡದು. ರೇಷ್ಮೆಗೆ ಒಂದು ಹನಿ ಎಣ್ಣೆ ತಾಗಿದರೆ ಸೀರೆ ಹೋಯಿತು ಎಂದೇ ಲೆಕ್ಕ. ಕೈಯನ್ನು ಸೀಗೆಪುಡಿಯಲ್ಲಿ ತೊಳೆಯಬಹುದು, ತಲೆಯಿಂದ ಬೆವರಿನ ಜೊತೆ ಇಳಿಯುವ ಎಣ್ಣೆಯನ್ನು ತಡೆಯುವವರು ಯಾರು? ಹಾಗಾಗಿ ಹಿರಿಯರು ಮಾಡಿಟ್ಟ ಕಟ್ಟು. ಪ್ಲೇಗಿನ ವರ್ಷಗಳು ಕಳೆದು ಜನ ಮತ್ತೆ ಊರೊಳಗೆ ಬಂದು ಮಗ್ಗ ಹೂಡಿದ್ದ ಆ ಕಾಲದಲ್ಲೂ ಈ ಕಟ್ಟನ್ನು ಯಾರೂ ಮೀರಿರಲಿಲ್ಲ.

ಬೊಮ್ಮಣ್ಣನಿಗೆ ತಲೆನೋವು ಶುರುವಾಗಿ ಒಂದು ವರ್ಷದ ಮೇಲಾಗಿತ್ತು. ಬೆಳಿಗ್ಗೆ ಇರುತ್ತಿರಲಿಲ್ಲ. ಹೊತ್ತು ನೆತ್ತಿಗೆ ಬರುವಾಗ ಹುಬ್ಬಿನ ಮೇಲೆ ಸಣ್ಣಗೆ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಹಣೆಗೆ ಹಗ್ಗ ಸುತ್ತಿ ಬಿಗಿದ ಹಾಗೆ. ಸಂಜೆಗೆ ಹಿಂದಲೆ, ಕತ್ತು, ಎಲ್ಲ ಕಲ್ಲು.

ಅವನ ಅವ್ವನ ಅಕ್ಕ ಓಬಳಮ್ಮ ಅದೇ ಮನೆಯಲ್ಲಿದ್ದಳು. ಮನೆಮಾತು ತೆಲುಗು ಆದ್ದರಿಂದ ಅವನು ಆಕೆಯನ್ನು ಪೆದ್ದಮ್ಮ ಎನ್ನುತ್ತಿದ್ದ. ಕೇರಿಯಲ್ಲಿ ಯಾರಿಗೆ ತಲೆ ಕಾದರೂ ಓಬಳಮ್ಮನ ಕೈ ಬೇಕು. ಅಮಾವಾಸ್ಯೆ ಬೆಳಿಗ್ಗೆ ಅವಳು ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ, ಬೊಮ್ಮಣ್ಣನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಮೊದಲು ನೆತ್ತಿಗೆ ಎಣ್ಣೆ ಹಾಕಿ ಅಂಗೈಯಿಂದ ಪಟಪಟ ತಟ್ಟುತ್ತಿದ್ದಳು. ಆಮೇಲೆ ಬೆರಳ ತುದಿಯಿಂದ ಕಿವಿಯ ಹಿಂದೆ, ಕತ್ತಿನ ಗುಂಟ, ಕಣತಲೆಯಲ್ಲಿ. ತಿಕ್ಕಿಸಿಕೊಂಡು, ಬಿಸಿನೀರು ಹಾಕಿಸಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿ ಮಲಗಿದರೆ ಬೊಮ್ಮಣ್ಣ ಏಳುತ್ತಿದ್ದದ್ದು ಇಳಿಹೊತ್ತಿಗೆ. ಆ ದಿನ ತಲೆನೋವು ಇರುತ್ತಿರಲಿಲ್ಲ. ಒಂದು ತಿಂಗಳೂ ತಪ್ಪಿದ್ದಿಲ್ಲ.

"ನೋಡಿದಿಯಾ ನಾಯನಾ? ಉಷ್ಣ ನೆತ್ತಿಗೇರಿರ್ತೈತೆ. ಹರಳೆಣ್ಣಿ ಅದನ್ನ ಕೆಳಗಿಳಿಸ್ತೈತೆ" ಎನ್ನುತ್ತಿದ್ದಳು ಓಬಳಮ್ಮ.

ಮಾರನೆಯ ದಿನವೋ ಅದರಾಚೆಯ ದಿನವೋ ನೋವು ಮತ್ತೆ ಬರುತ್ತಿತ್ತು. ಅದಕ್ಕೂ ಅವಳಲ್ಲಿ ಉತ್ತರವಿತ್ತು. "ತಿಂಗಳಿಗೊಂದು ಸಲ ಸಾಲ್ದು. ದಿನಾ ಹಚ್ಚಿದ್ರೆ ಬುಡಸಮೇತ ಹೋಗ್ತೈತೆ. ಈ ಹಾಳು ರೇಷ್ಮಿ ಬಿಡಂಗಿಲ್ಲ."

ಮಗ್ಗದಲ್ಲಿ ಆಗ ಒಂದು ಮದುವೆ ಸೀರೆ ಇತ್ತು. ಅಂಚಿನ ಗುಂಟ ಸಾಲು ಗೋಪುರ, ಕಡುಗೆಂಪಿನ ಒಡಲಿಗೆ ಹಸಿರು ಅಂಚು. ಅಂಚಿನ ನೂಲನ್ನೂ ಒಡಲ ನೂಲನ್ನೂ ಸಾಲು ಸಾಲಿಗೆ ಒಂದಕ್ಕೊಂದು ಕೊಂಡಿ ಹಾಕಿ ನೇಯಬೇಕಾದ್ದರಿಂದ ಒಬ್ಬರಿಂದ ಆಗದು. ಅಂಚಿನ ಲಾಳಿಯನ್ನು ಬೊಮ್ಮಣ್ಣನ ಹೆಂಡತಿ ಚಿತ್ತಮ್ಮ ಪಕ್ಕದಲ್ಲಿ ಕೂತು ಹಾಯಿಸುತ್ತಿದ್ದಳು. ಕೇರಿಯಲ್ಲಿ ಗೋಪುರದ ಅಂಚು ತೆಗೆಯುವ ಮಗ್ಗ ಕೆಲವೇ. ಅಂಥ ಕೆಲಸವನ್ನು ಯಾರಿಗೆ ಕೊಡಬೇಕು ಎಂದು ಹೇಳುತ್ತಿದ್ದವರು ಸಾಹುಕಾರ ರಂಗಯ್ಯನವರು. ರೇಷ್ಮೆ, ಜರಿ ಅವರದು, ನೇಯ್ಗೆ ಇವರದು.

ರಂಗಯ್ಯನವರು ಕೆಟ್ಟವರಲ್ಲ. ಆದರೆ ಅವರದೊಂದು ಪದ್ಧತಿ ಇತ್ತು. ಕಣ್ಣಿಗೆ ಚಾಳೀಸು ಬಂದವನಿಗೆ ಅಂಚಿನ ಕೆಲಸ ಕೊಡುತ್ತಿರಲಿಲ್ಲ. ಗೋಡೆಯಾಚೆಯ ಮನೆಯ ಜಂಪಣ್ಣ ಒಮ್ಮೆ ಬಳ್ಳಾರಿಯಿಂದ ಕನ್ನಡಕ ತಂದು ಮೂಗಿನ ಮೇಲಿಟ್ಟುಕೊಂಡ. ಮುಂದಿನ ತಿಂಗಳಿಂದ ಅವನ ಮಗ್ಗಕ್ಕೆ ಬಂದದ್ದು ಬರೀ ಸಾದಾ ಸೀರೆಯ ಹಾಸು, ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು. ಜಂಪಣ್ಣ ಆಗಲೂ ಸಾದಾ ಸೀರೆಯನ್ನೇ ನೇಯುತ್ತಿದ್ದ, ಅದನ್ನು ನೇಯುವಾಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬೊಮ್ಮಣ್ಣನ ಅಪ್ಪ ಸಾಯುವವರೆಗೂ ಗೋಪುರದ ಅಂಚು ತೆಗೆದವನು. ಆ ಮಗ್ಗ ಸಾದಾ ಆಗಬಾರದು ಎನ್ನುವುದೊಂದೇ ಬೊಮ್ಮಣ್ಣನ ಆಸೆ.

ಆದ್ದರಿಂದ ಅವನ ತಲೆನೋವು ಉಷ್ಣದ್ದೇ ಆಗಿರಬೇಕಿತ್ತು.

ಕೊಂಡ್ಲಹಳ್ಳಿಯ ಕ್ಯಾತಪ್ಪ ಕಂಬಳಿ ಹೇರಿಕೊಂಡು ಚಳ್ಳಕೆರೆ ಸಂತೆಗೆ ಗಾಡಿ ಹೊಡೆಯುತ್ತಿದ್ದ. ಬೊಮ್ಮಣ್ಣನ ಹಳೆಯ ಸ್ನೇಹಿತ. ಒಂದು ಸಲ ಬರುವಾಗ ಹೆಬ್ಬೆರಳಷ್ಟು ದಪ್ಪದ ಬುಡ್ಡಿ ತಂದ. ಬಿರಡೆ ತೆಗೆದದ್ದೇ ತಡ, ಮನೆಯೆಲ್ಲ ಘಮ್ಮೆಂದಿತು.

"ಏನ್ಲಾ ಇದು, ಪುದೀನ ಚಟ್ನಿ ಅರೆದಂಗೈತೆ?" ಎಂದ ಬೊಮ್ಮಣ್ಣ.

"ಪಿಪ್ಪರಮೆಂಟು ಎಣ್ಣಿ ಕಣ್ಲೇ. ಚಳ್ಳಕೆರಿ ಬಜಾರಾಗೆ ಸಾಬರು ಮಾರ್ತಾರೆ. ಬರೀ ಎಣ್ಣಿ ಹಚ್ಚಿದ್ರೆ ಚರ್ಮ ಉರೀತೈತೆ ಅಂತ ಸ್ಪಿರಿಟ್‌ನಾಗೆ ಬೆರೆಸಿ ಕೊಟ್ಟಾರೆ. ಹಣಿಗೆ, ಕಣತಲಿಗೆ ಹಚ್ಚು. ಕಣ್ಣಿನ ಹತ್ರ ಮಾತ್ರ ತರಬ್ಯಾಡ, ನಿನ್ ಹೆಂಡ್ತಿ ಸತ್ರೂ ಬರದಷ್ಟು ನೀರು ಬರ್ತಾವೆ."

"ನಿನ್ ಬಾಯಿಗೆ ಮಣ್ ಹಾಕ" ಎಂದಳು ಚಿತ್ತಮ್ಮ ಒಳಗಿನಿಂದ.

ಬೊಮ್ಮಣ್ಣ ಒಂದು ಹನಿಯನ್ನು ಹಾಸಿನಿಂದ ಉಳಿದ ರೇಷ್ಮೆಯ ತುಂಡಿಗೆ ಹಾಕಿ ನೋಡಿದ. ಸ್ವಲ್ಪ ಹೊತ್ತಿಗೆ ಆರಿಹೋಯಿತು. ಕಣ್ಣಿಗೆ ಬೀಳುವ ಕಲೆ ಉಳಿಯಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅಮಾವಾಸ್ಯೆಗೆ ಕಾಯದೆ, ಮಗ್ಗದ ಗುಂಡಿಯಲ್ಲೇ ಕೂತು ಹಚ್ಚಬಹುದಾದ ಮದ್ದು.

ಮದ್ದು ಸುಳ್ಳಾಗಲಿಲ್ಲ. ನೋವು ಬಂದಾಗ ಹಣೆಗೆ ಸವರಿದರೆ ಮೊದಲು ತಣ್ಣಗೆ, ಬಾವಿಯ ಕಲ್ಲಿಗೆ ಹಣೆ ಕೊಟ್ಟ ಹಾಗೆ. ಒಂದಿಷ್ಟು ಹೊತ್ತಿಗೆ ಬಿಗಿದ ಹಗ್ಗ ಸಡಿಲವಾಗುತ್ತಿತ್ತು. ಪೂರ್ತಿ ಹೋಗುತ್ತಿರಲಿಲ್ಲ, ಆದರೆ ಲಾಳಿ ಹೊಡೆಯಲು ಆಗುತ್ತಿತ್ತು. ಮುಂಚೆ ನೋವು ಬಂದಾಗ ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂರುತ್ತಿದ್ದವನು ಈಗ ಏಳುವುದನ್ನು ಬಿಟ್ಟ. ಬುಡ್ಡಿ ಪಕ್ಕಕ್ಕಿಟ್ಟುಕೊಂಡು ಸಂಜೆಯವರೆಗೂ ನೇಯ್ದ. ಸಂಜೆಗೆ ನೋವು ಮುಂಚಿಗಿಂತ ಜಾಸ್ತಿ ಆಗಿರುತ್ತಿತ್ತು.

ಓಬಳಮ್ಮನಿಗೆ ಆ ವಾಸನೆ ಹಿಡಿಸಲಿಲ್ಲ. "ಗಾಳಿಗೆ ಹಾರಿಹೋಗೋ ಎಣ್ಣಿ ತಲಿ ಒಳಗೇನು ಇಳೀತೈತೆ?" ಎಂದು ಮೂಗು ಮುರಿದಳು.

ಬುಡ್ಡಿ ಮುಗಿದಾಗ ಕ್ಯಾತಪ್ಪನಿಗೆ ಮತ್ತೆ ಹೇಳಿದ್ದಾಯಿತು. ಆ ಸಲ ಬಜಾರಿನಲ್ಲಿ ಅದು ಇರಲಿಲ್ಲವಂತೆ. ಬದಲಿಗೆ ಒಂದು ಸಣ್ಣ ಡಬ್ಬಿ ಮುಲಾಮು ತಂದ. ಅದೇ ವಾಸನೆ, ಇನ್ನೂ ಜೋರು. "ಇದು ಅದರ ಅಣ್ಣ ಅಂತೆ" ಎಂದ. ಬೊಮ್ಮಣ್ಣ ಈ ಸಲ ರೇಷ್ಮೆಯ ತುಂಡಿಗೆ ಹಚ್ಚಿ ನೋಡಲಿಲ್ಲ. ವಾಸನೆ ಒಂದೇ ಆದ ಮೇಲೆ ಗುಣವೂ ಒಂದೇ ಎಂದುಕೊಂಡ. ಆದರೆ ಮುಲಾಮು ಎಂದರೆ ಮೇಣ, ಜಿಡ್ಡು. ಅದರಲ್ಲಿ ಪಿಪ್ಪರಮೆಂಟು, ಕರ್ಪೂರ ಕಲೆಸಿರುತ್ತಾರೆ. ವಾಸನೆ ಹಾರುತ್ತದೆ, ಜಿಡ್ಡು ಉಳಿಯುತ್ತದೆ.

ಬೇಸಿಗೆಯ ಬೆವರು. ಹಣೆಯಿಂದ ಒಂದು ಹನಿ ಕಣ್ಣಿಗಿಳಿದು ಭಗ್ಗೆಂದಿತು. ಬೊಮ್ಮಣ್ಣ ಕಣ್ಣು ಮುಚ್ಚಿ ಕೈ ಹಿಂಭಾಗದಿಂದ ಒರೆಸಿಕೊಂಡ. ಉರಿಗೆ ಕುರುಡನಂತಾಗಿ ಅದೇ ಕೈಯನ್ನು ನೇಯ್ದ ಬಟ್ಟೆಯ ಮೇಲೆ ಊರಿದ.

ಚಿತ್ತಮ್ಮ ಲಾಳಿ ನಿಲ್ಲಿಸಿದಳು. "ಕೈ ತೆಗಿ."

ಅಂಚಿನ ಪಕ್ಕದಲ್ಲಿ, ಗೋಪುರದ ಬುಡಕ್ಕೆ, ಹುಣಿಸೆ ಬೀಜದಷ್ಟು ಕಪ್ಪು. ಅವಳು ಸೀಮೆಸುಣ್ಣ ಕುಟ್ಟಿ ಪುಡಿ ಉದುರಿಸಿದಳು, ಕೊಡವಿದಳು, ಮತ್ತೆ ಉದುರಿಸಿದಳು. ಜಿಡ್ಡು ಮುಕ್ಕಾಲು ಹೋಯಿತು. ಗೊತ್ತಿಲ್ಲದವರು ನೋಡಿದರೆ ಕಾಣದು. ರಂಗಯ್ಯನವರು ಗೊತ್ತಿಲ್ಲದವರಲ್ಲ.

"ನಾನು ಎಣ್ಣಿ ಕೈಲಿ ಮಗ್ಗದ ಕಡೆ ನೋಡಿದ್ರೂ ಬೈತಿದ್ರಿ" ಎಂದಳು ಓಬಳಮ್ಮ ಬಾಗಿಲಲ್ಲಿ ನಿಂತು.

ಇದಾದ ಸ್ವಲ್ಪ ದಿನಕ್ಕೆ ಸಿದ್ದಾಪುರದಲ್ಲಿದ್ದ ಬೊಮ್ಮಣ್ಣನ ಚಿಕ್ಕಪ್ಪ ತೀರಿಕೊಂಡ. ಸೂತಕ. ಮಗ್ಗ ಮುಟ್ಟುವಂತಿಲ್ಲ. ತಲೆಗೆ ಎಣ್ಣೆಯೂ ಇಲ್ಲ. ಸೂತಕ ಕಳೆಯುವವರೆಗೆ ಬೊಮ್ಮಣ್ಣ ಸಿದ್ದಾಪುರದ ಗುಡ್ಡದ ಬುಡದಲ್ಲಿ, ಬಿಸಿಲಲ್ಲಿ, ಒಣತಲೆಯಲ್ಲಿ ಓಡಾಡಿದ. ಎರಡನೆಯ ದಿನಕ್ಕೆ ತಲೆನೋವು ಹೋದದ್ದು ಮತ್ತೆ ಬರಲಿಲ್ಲ. ಅವನಿಗೆ ಇದು ಗಮನಕ್ಕೂ ಬರಲಿಲ್ಲ. ಇಲ್ಲದ ನೋವನ್ನು ಯಾರೂ ನೆನೆಯುವುದಿಲ್ಲ. ಗಮನಿಸಿದವಳು ಚಿತ್ತಮ್ಮ.

ಸೂತಕ ಕಳೆದು ಮಗ್ಗಕ್ಕೆ ಕೂತ ಮಾರನೆಯ ದಿನ ಮಧ್ಯಾಹ್ನ ಅವನು ಹುಬ್ಬು ಹಿಡಿದುಕೊಂಡ.

"ಬಂತಾ?" ಎಂದಳು.

"ಬಂತು."

"ಸಿದ್ದಾಪುರದಾಗೆ ಇರ್ಲಿಲ್ಲ."

"ಹೂಂ. ಇರ್ಲಿಲ್ಲ."

"ಎಣ್ಣಿ ಹಚ್ಚಿರ್ಲಿಲ್ಲ. ಬಿಸಿಲಾಗೆ ಬರೀ ತಲೀಲಿ ತಿರುಗಿದ್ಯಲ್ಲ, ಉಷ್ಣ ಆಗಿದ್ರೆ ಅಲ್ಲೇ ಏರಬೇಕಾಗಿತ್ತು."

ಓಬಳಮ್ಮ ರಾಟೆಯ ಮುಂದೆ ನೂಲು ಸುತ್ತುತ್ತಿದ್ದಳು. "ಹೋದ ಅಮಾಸಿ ಎಣ್ಣಿ ಇನ್ನೂ ನೆತ್ತೀಲಿತ್ತು" ಎಂದಳು.

"ಹಂಗಾದ್ರೆ ಮನ್ಯಾಗೆ ಇದ್ದಾಗ ಯಾಕೆ ಎರಡು ದಿನಕ್ಕೇ ಆರೋಗ್ತಿತ್ತು ಅತ್ತೆ?"

ಓಬಳಮ್ಮ ರಾಟೆಯನ್ನು ಜೋರಾಗಿ ತಿರುಗಿಸಿದಳು. ಚಿತ್ತಮ್ಮ ದನಿ ತಗ್ಗಿಸಿ ಗಂಡನಿಗೆ ಹೇಳಿದಳು. "ಅಮಾಸಿ ದಿನ ಎಣ್ಣಿನೂ ಇರ್ತೈತೆ, ಮಗ್ಗನೂ ನಿಂತಿರ್ತೈತೆ. ಯಾವುದರಿಂದ ನೋವು ಹೋಗ್ತೈತೆ ಅಂತ ನಮಗೇನು ಗೊತ್ತು? ಇನ್ನೊಂದು ಮಾತು. ಒಂದು ವರ್ಷದಿಂದ ನೋಡ್ತಿದೀನಿ, ಗೋಪುರ ಎಣಿಸುವಾಗ ಕತ್ತು ಹಿಂದಕ್ಕೆಳ್ಕೊಂತೀಯ. ಕೋಳಿ ಕಾಳು ನೋಡಿದಂಗೆ."

"ಬಾಯಿ ಮುಚ್ಚು" ಎಂದ ಬೊಮ್ಮಣ್ಣ. ಅವಳು ಏನು ಹೇಳಹೊರಟಿದ್ದಾಳೆ ಎಂದು ಅವನಿಗೆ ತಿಳಿದಿತ್ತು. ಜಂಪಣ್ಣನ ಮಗ್ಗದ ಸದ್ದು ಗೋಡೆಯಾಚೆ ಕೇಳುತ್ತಿತ್ತು.

ಆದರೂ ಮುಂದಿನ ಸಂತೆಗೆ ಕ್ಯಾತಪ್ಪನ ಗಾಡಿಯಲ್ಲಿ ಕಂಬಳಿಗಳ ಮೇಲೆ ಇಬ್ಬರೂ ಕೂತು ಚಳ್ಳಕೆರೆಗೆ ಹೋದರು. ಪಿಪ್ಪರಮೆಂಟು ತರಲು ಎಂದು ಕೇರಿಗೆ ಹೇಳಿದ್ದರು.

ಚಳ್ಳಕೆರೆಯ ದವಾಖಾನೆಯ ಡಾಕ್ಟರು ಮೈಸೂರು ಕಡೆಯವರು, ನಿಧಾನದ ಮನುಷ್ಯ. ಮೊದಲು ಕೇಳುತ್ತಲೇ ಹೋದರು. ನೋವು ಒಮ್ಮೆಗೇ ಸಿಡಿಲು ಹೊಡೆದ ಹಾಗೆ ಬಂತೋ? ವಾಂತಿ ಆಗುತ್ತದೋ? ಜ್ವರ ಬಂದು ಕತ್ತು ಬಗ್ಗಿಸಲು ಆಗದಂತೆ ಇದೆಯೋ? ಕೈಕಾಲು ಜೋಮು ಹಿಡಿದು ಮಾತು ತೊದಲುತ್ತದೋ? ಕಣ್ಣು ಕೆಂಪಾಗಿ ನೋಯುತ್ತದೋ, ದೀಪದ ಸುತ್ತ ಕಾಮನಬಿಲ್ಲು ಕಾಣುತ್ತದೋ? ಬೊಮ್ಮಣ್ಣ ಎಲ್ಲಕ್ಕೂ ಇಲ್ಲ ಎಂದ.

"ಒಳ್ಳೆಯದು. ಇವುಗಳಲ್ಲಿ ಒಂದು ಬಂದರೂ ಎಣ್ಣೆ, ಮುಲಾಮು ಅಂತ ಕೂರಬೇಡ, ಗಾಡಿ ಕಟ್ಟಿಸು" ಎಂದರು. ಆಮೇಲೆ ಒಂದು ಸೂಜಿ, ಒಂದೆಳೆ ದಾರ ಕೊಟ್ಟು ಪೋಣಿಸಲು ಹೇಳಿದರು. ಬೊಮ್ಮಣ್ಣ ಸೂಜಿಯನ್ನು ದೂರ, ಇನ್ನೂ ದೂರ ಹಿಡಿದ. ಕೈ ಪೂರ್ತಿ ಚಾಚಿದ ಮೇಲೂ ಸೂಜಿಯ ಕಣ್ಣು ಸಿಗಲಿಲ್ಲ. ಚಿತ್ತಮ್ಮ ಬೇರೆ ಕಡೆ ನೋಡಿದಳು.

"ಕೈ ಸಾಲದಾಯಿತು ಅಲ್ಲವೇ?" ಎಂದರು ಡಾಕ್ಟರು. "ನಲವತ್ತು ದಾಟಿದವರಿಗೆಲ್ಲ ಬರುವುದೇ. ರೋಗ ಅಲ್ಲ. ಹತ್ತಿರದ್ದು ಕಾಣಲು ದಿನವೆಲ್ಲ ಕಣ್ಣಿಗೆ ಬಿಗಿ ಕೊಡುತ್ತೀಯ, ಕತ್ತನ್ನು ಸೆಟೆಸಿ ಕೂರುತ್ತೀಯ, ಅದಕ್ಕೆ ಹಣೆ, ಕತ್ತು ಹಿಡಿಯುತ್ತಿರಬೇಕು. ಚಾಳೀಸು ಹಾಕಿ ನೋಡು."

"ಸ್ವಾಮಿ, ಪಿಪ್ಪರಮೆಂಟು ಹಚ್ಚಿದ್ರೆ ಕಡಿಮಿ ಆಗ್ತೈತೆ. ಎಣ್ಣಿ ಹಚ್ಚಿದ್ರೆ ಪೂರಾ ಹೋಗ್ತೈತೆ" ಎಂದ ಬೊಮ್ಮಣ್ಣ, ಕೊನೆಯ ದಾರಿಯೆಂಬಂತೆ.

ಡಾಕ್ಟರು ನಗಲಿಲ್ಲ. "ಪಿಪ್ಪರಮೆಂಟಿನಿಂದ ಕೆಲವರಿಗೆ ನೋವು ಇಳಿಯುತ್ತದೆ. ಚರ್ಮಕ್ಕೆ ತಂಪು ಕೊಟ್ಟು ನೋವನ್ನು ಮಂಕು ಮಾಡುತ್ತದೆ. ನಾನೂ ಕೊಡುತ್ತೇನೆ. ಹಸುಗೂಸುಗಳ ಮೂಗಿನ ಹತ್ತಿರ ಮಾತ್ರ ತರಬೇಡಿ, ಉಸಿರು ಕಟ್ಟುತ್ತದೆ. ತಲೆ ತಿಕ್ಕಿಸಿಕೊಂಡರೆ ಹಾಯ್ ಅನಿಸುತ್ತದೆ, ನಿದ್ದೆ ಬರುತ್ತದೆ. ನನಗೂ ಇಷ್ಟವೇ. ಆದರೆ ಹಾಯ್ ಅನಿಸುವುದು ಬೇರೆ, ಕಾರಣ ಹೋಗುವುದು ಬೇರೆ. ಎಣ್ಣೆ ಇಲ್ಲದೆ ಮಗ್ಗ ಬಿಟ್ಟ ದಿನ ಯಾವುದಾದರೂ ಇತ್ತೇ?"

"ಇತ್ತು" ಎಂದಳು ಚಿತ್ತಮ್ಮ. ಸಿದ್ದಾಪುರದ ಸೂತಕದ ಕಥೆ ಹೇಳಿದಳು.

"ಅದು ಒಂದು ಸಲದ್ದು. ಅದರಿಂದಲೇ ಖಂಡಿತ ಅನ್ನಲಾರೆ" ಎಂದರು ಡಾಕ್ಟರು. "ಚಾಳೀಸು ಹಾಕಿ ಒಂದು ತಿಂಗಳು ನೇಯಲಿ. ಆಗಲೂ ನೋವು ಹಾಗೇ ಇದ್ದರೆ ನನ್ನ ಮಾತು ತಪ್ಪು. ಮತ್ತೆ ಬನ್ನಿ."

ಬಜಾರಿನಲ್ಲಿ ಪಿಪ್ಪರಮೆಂಟು ಮಾರುವ ಸಾಬರ ಪಕ್ಕದ ಅಂಗಡಿಯಲ್ಲೇ ಕನ್ನಡಕಗಳೂ ಇದ್ದವು. ಚಿತ್ತಮ್ಮ ಸೆರಗಿನ ಗಂಟಿನಿಂದ ಒಂದೆಳೆ ರೇಷ್ಮೆ ತೆಗೆದು, ಮಗ್ಗದಲ್ಲಿ ಅಂಚು ಎಷ್ಟು ದೂರ ಇರುತ್ತದೋ ಅಷ್ಟು ದೂರ ಹಿಡಿದು ನಿಂತಳು. ಸಾಬರು ಒಂದೊಂದೇ ಜೋಡಿ ಕೊಟ್ಟರು. ಬೊಮ್ಮಣ್ಣ ಹಾಕಿದ, ತೆಗೆದ, ಹಾಕಿದ. ಕೊನೆಗೆ ಒಂದನ್ನು ಹಾಕಿದವನು ತೆಗೆಯಲಿಲ್ಲ.

"ದಿಖ್ತಾ ಹೈ ಕ್ಯಾ? ಕಾಣ್ತದಾ?" ಎಂದರು ಸಾಬರು.

"ಎಳಿ ಎರಡು ಪುರಿ ಐತೆ" ಎಂದ ಬೊಮ್ಮಣ್ಣ ಮೆಲ್ಲಗೆ. ರೇಷ್ಮೆಯ ಎಳೆಯೊಳಗೆ ಹೊಸೆದ ಪುರಿ ನೋಡಿ ಅವನಿಗೆ ಎಷ್ಟೋ ಕಾಲವಾಗಿತ್ತು.

ಮನೆಯಲ್ಲಿ ಕನ್ನಡಕವನ್ನು ಗೋಡೆಯ ಗೂಡಿನಲ್ಲಿ, ದೀಪದ ಹಿಂದೆ ಇಟ್ಟರು. ಗುಂಡಿಗೆ ಇಳಿದ ಮೇಲೆ ಹಾಕುವುದು, ಯಾರಾದರೂ ಬಂದರೆ ಚಿತ್ತಮ್ಮ ಕೆಮ್ಮುವುದು, ಅವನು ತೆಗೆದು ತೊಡೆಯ ಕೆಳಗೆ ಇಡುವುದು ಎಂದು ಮಾತಾಯಿತು. ಮೊದಲೆರಡು ದಿನ ನೆಲ ಎದ್ದು ಬಂದ ಹಾಗಾಗುತ್ತದೆ ಎಂದ. ಆಮೇಲೆ ಒಗ್ಗಿತು. ತಲೆನೋವು ಒಮ್ಮೆಗೇ ಹೋಗಲಿಲ್ಲ. ದಿನ ಬಿಟ್ಟು ದಿನ ಬಂತು, ಆಮೇಲೆ ವಾರಕ್ಕೊಮ್ಮೆ, ಅದೂ ಸಣ್ಣಗೆ. ಅಂಥ ದಿನ ಪಿಪ್ಪರಮೆಂಟು ಸವರಿ, ಎದ್ದು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕೂರುವುದನ್ನು ಮತ್ತೆ ರೂಢಿ ಮಾಡಿಕೊಂಡ. ನೆರೆಯ ಪಾತಣ್ಣ ಮಾತ್ರ, "ಏನ್ ಬೊಮ್ಮಣ್ಣ, ನಿಮ್ಮನೆ ಚಿತ್ತಮ್ಮಕ್ಕಗೆ ಕೆಮ್ಮು ಜಾಸ್ತಿ ಆಗೈತಲ್ಲ, ಚಳ್ಳಕೆರಿಗೆ ಹೋಗಿದ್ದು ಅದರ ಮದ್ದಿಗಾ?" ಎಂದು ಕೇಳಿದ್ದ.

ರಂಗಯ್ಯನವರು ಬಂದದ್ದು ಒಂದು ಬೆಳಿಗ್ಗೆ. ಚಿತ್ತಮ್ಮ ಕೆಮ್ಮಿದಳು. ಬೊಮ್ಮಣ್ಣನ ಕೈಯಲ್ಲಿ ಗೋಪುರದ ತುದಿ ಇತ್ತು; ಎಳೆಗಳನ್ನು ಎಣಿಸಿ ಬೆರಳಲ್ಲಿ ಬಿಡಿಸಿ ಹಿಡಿದಿದ್ದ. ಆ ಕೈ ತೆಗೆದರೆ ಸಾಲು ಕೆಡುತ್ತದೆ. ಚಿತ್ತಮ್ಮ ಮತ್ತೆ ಕೆಮ್ಮಿದಳು.

"ಕೇಳಿಸ್ತು" ಎಂದ ಬೊಮ್ಮಣ್ಣ. "ಲಾಳಿ ಹಾಯ್ಸು."

ಸಾಲು ಮುಗಿಸಿದ, ಮಗ್ಗದ ಹಣಿಗೆಯನ್ನು ಬಡಿದು ಎಳೆ ಕೂರಿಸಿದ, ಆಮೇಲೆ ತಲೆಯೆತ್ತಿದ. ಕನ್ನಡಕ ಮೂಗಿನ ಮೇಲೇ ಇತ್ತು. ರಂಗಯ್ಯನವರು ಅದನ್ನು ನೋಡಿದರು. ಕೋಲಿಗೆ ಸುತ್ತಿದ್ದ ಸೀರೆಯನ್ನು ಬಿಚ್ಚಿಸಿ ಅಂಚನ್ನು ಬೆಳಕಿಗೆ ಹಿಡಿದರು. ಬೆರಳು ಅಂಚಿನ ಗುಂಟ ಹೋಗುತ್ತ ಒಂದು ಕಡೆ ನಿಂತಿತು.

"ಇದೇನು, ಜಿಡ್ಡು?"

"ಮುಲಾಮು, ಅಪ್ಪಾರೆ. ತಲಿನೋವಿಗೆ ಹಚ್ಚಿದ್ದು."

"ಚಾಳೀಸು ಹಾಕ್ಕೊಂಡು, ಮುಲಾಮು ಬಳ್ಕೊಂಡು ನನ್ ಮದುವಿ ಸೀರಿ ನೇಯ್ತಿಯೇನೋ?"

"ಮುಲಾಮು ಬಳ್ಕೊಂಡಾಗ ಚಾಳೀಸು ಇರ್ಲಿಲ್ಲ. ಕಾಣಂಗಿಲ್ಲ ಅಂತ ಹೇಳೋಕೆ ಹೆದ್ರಿಕೊಂಡು ಬಳ್ಕೊಂಡೆ. ಚಾಳೀಸು ಬಂದಮ್ಯಾಲಿನದು ಈ ಕಡೀದು. ಎರಡೂ ನೋಡ್ರಿ."

ರಂಗಯ್ಯನವರು ನೋಡಿದರು. ಕಲೆಯ ಆಸುಪಾಸಿನ ಗೋಪುರಗಳು ಅಲ್ಲೊಂದು ಇಲ್ಲೊಂದು ಒಂದೆಳೆ ವಾಲಿದ್ದವು. ಕಲೆ ಬೀಳುವ ಮುಂಚೆ ಒಮ್ಮೆ ಬಂದಾಗ ಅವರು ಅದನ್ನು ಕಂಡಿರಲಿಲ್ಲವೋ, ಕಂಡೂ ಬಿಟ್ಟಿದ್ದರೋ. ಮುಂದಕ್ಕೆ ಬಂದಂತೆ ಗೋಪುರಗಳು ನೆಟ್ಟಗಾಗಿದ್ದವು. ಅವರು ಬಟ್ಟೆಯನ್ನು ಮಗುಚಿ ಒಳಮೈಯ ಕೊಂಡಿಗಳ ಮೇಲೆ ಉಗುರು ಎಳೆದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಈ ಸೀರಿ ಮದುವಿಗೆ ಆಗಲ್ಲ. ಕಲಿ ಐತೆ" ಎಂದರು. "ಅವ್ರಿಗೆ ಇನ್ನೊಂದು ನೇಯಬೇಕು."

ಬೊಮ್ಮಣ್ಣ ಬಿಚ್ಚಿದ ಸೀರೆಯನ್ನು ಮತ್ತೆ ಕೋಲಿಗೆ ಸುತ್ತತೊಡಗಿದ.

"ಹಾಸು ಕಳಿಸ್ತೀನಿ. ಅದೇ ಗೋಪುರ." ಬಾಗಿಲ ಹತ್ತಿರ ಹೋಗಿ ತಿರುಗಿದರು. "ಆ ಸದ್ದು ಜಂಪಣ್ಣನ ಮಗ್ಗದ್ದೇನೋ?"

"ಅದೇ ಅಪ್ಪಾರೆ."

ಅವರು ಆ ಕಡೆ ನಡೆದರು. ಗೋಡೆಯಾಚೆ ಮಗ್ಗದ ಸದ್ದು ನಿಂತಿತು. ಏನು ಮಾತಾಯಿತೋ ಇಲ್ಲಿಗೆ ಕೇಳಿಸಲಿಲ್ಲ.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ಓಬಳಮ್ಮ ಎಣ್ಣೆ ಕಾಯಿಸಲಿಲ್ಲ. ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಬೊಮ್ಮಣ್ಣ ತಾನೇ ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತ.

"ತಲಿನೋವು ಇಲ್ಲಲ್ಲ, ಯಾಕೆ ಕೂತಿ?" ಎಂದಳು.

"ತಲಿನೋವಿಲ್ಲ. ನಿನ್ ಕೈ ಬೇಕು ಪೆದ್ದಮ್ಮಾ."

"ಆ ಡಾಕ್ಟ್ರು ಎಣ್ಣಿ ಸುಳ್ಳು ಅಂದ್ರಂತೆ?"

"ಹಂಗನ್ಲಿಲ್ಲ. ಅವ್ರಿಗೂ ತಿಕ್ಕಿಸಿಕೊಳ್ಳೋದು ಇಷ್ಟ ಅಂತೆ."

"ಹಂಗಾದ್ರೆ ಕರ್ಕೊಂಡ್ ಬರಬೇಕಾಗಿತ್ತು" ಎಂದು ಓಬಳಮ್ಮ ಎದ್ದು ಬಟ್ಟಲು ಒಲೆಯ ಮೇಲಿಟ್ಟಳು. ಬೆಚ್ಚಗಿನ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಬಂದವಳು, ಅವನ ಮೂಗಿನ ಮೇಲಿದ್ದುದನ್ನು ತೆಗೆಯಲು ಇನ್ನೊಂದು ಕೈ ಚಾಚಿದಳು.

"ಅತ್ತೆ, ಎಣ್ಣಿ ಕೈ!" ಎಂದು ಚಿತ್ತಮ್ಮ ಓಡಿಬಂದು ಕನ್ನಡಕ ತೆಗೆದುಕೊಂಡಳು.

"ಇದನ್ನೂ ಮುಟ್ಟಂಗಿಲ್ಲವಾ?" ಎಂದಳು ಓಬಳಮ್ಮ. ಆಮೇಲೆ ನೆತ್ತಿಗೆ ಎಣ್ಣೆ ಹಾಕಿ ತಟ್ಟತೊಡಗಿದಳು.